ಕಡಿಮೆ ಬೆಲೆಯ ಟಿವಿ ಬಾಕ್ಸಿಗೆ ಯಾವ ಆಟ ಹೊಂದುತ್ತದೆ? ಡೌನ್‌ಲೋಡ್ ಮಾಡುವ ಮೊದಲೇ ತಿಳಿಯುವ ದಾರಿ

ಜುಲೈ ತಿಂಗಳ ಒಂದು ಮಳೆ ರಜೆಯ ದಿನ ಕಾಸರಗೋಡಿನ ನೀರ್ಚಾಲಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಟಿವಿ ಮುಂದೆ ಕಂಟ್ರೋಲರ್ ಹಿಡಿದು ಮುಖ ಸಣ್ಣ ಮಾಡಿಕೊಂಡು ಕೂತಿದ್ದ. ಹೊಸ ಆಂಡ್ರಾಯ್ಡ್ ಟಿವಿ ಬಾಕ್ಸ್, ಮೂರು ಸಾವಿರದೊಳಗಿನದು. ಜೊತೆಗೆ ಪುಟ್ಟ ಡಾಂಗಲ್ ಇರುವ ವೈರ್‌ಲೆಸ್ ಕಂಟ್ರೋಲರ್. ಎರಡು ದಿನದಲ್ಲಿ ಏಳು ಆಟ ಹಾಕಿದ್ದಾನೆ. ಅದರಲ್ಲಿ ಐದು ನಡೆಯುವುದಿಲ್ಲ.

“ಮಾವ, ಇದು ತೆರೆಯುತ್ತದೆ, ಆದರೆ ಎಂತ ಒತ್ತಿದರೂ ಅಲ್ಲಾಡುವುದೇ ಇಲ್ಲ” ಎಂದ. ಇನ್ನೊಂದು ಆಟ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಮತ್ತೊಂದು ಚೆನ್ನಾಗಿ ಶುರುವಾಗಿ ಹತ್ತು ನಿಮಿಷದಲ್ಲಿ ತೆವಳತೊಡಗುತ್ತಿತ್ತು. ಬಾಕ್ಸ್ ಹಾಳಾಗಿದೆ, ವಾಪಸ್ ಕೊಟ್ಟುಬಿಡೋಣ ಎಂದು ಅಕ್ಕ ಹೊರಟಿದ್ದಳು.

ಬಾಕ್ಸಿಗೆ ಏನೂ ಆಗಿರಲಿಲ್ಲ. ಆಟ ಆರಿಸಿದ ಕ್ರಮ ತಪ್ಪಿತ್ತು. ಫೋನಿನಲ್ಲಿ ಯಾವ ಆಟ ಹೆಸರು ಮಾಡಿದೆಯೋ ಅದನ್ನೇ ಟಿವಿಗೂ ಹಾಕಿದ್ದ. ಕಡಿಮೆ ಬೆಲೆಯ ಬಾಕ್ಸಿನಲ್ಲಿ ಆಟದ ಹೆಸರು ನೋಡುವುದು ಕೊನೆಗೆ. ಮೊದಲು ಬಾಕ್ಸ್, ಆಮೇಲೆ ಕಂಟ್ರೋಲರ್, ಅದಾದ ಮೇಲೆ ಆಟ. ಆ ದಿನ ನಾವಿಬ್ಬರೂ ಸೇರಿ ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ.

ಹಂತ 1: ಬಾಕ್ಸಿನ ಒಳಗೆ ನಿಜವಾಗಿ ಏನಿದೆ?

ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ. “4ಕೆ”, “8ಕೆ” ಎಂಬುದೆಲ್ಲ ವಿಡಿಯೋ ತೋರಿಸುವ ಶಕ್ತಿಯ ಮಾತು. ವಿಡಿಯೋ ಬಿಡಿಸಲು ಚಿಪ್ಪಿನಲ್ಲಿ ಬೇರೆಯೇ ಭಾಗ ಇರುತ್ತದೆ. ಆಟದ ಚಿತ್ರ ಬರೆಯುವುದು ಗ್ರಾಫಿಕ್ಸ್ ಭಾಗ. 4ಕೆ ಸಿನಿಮಾ ಸಲೀಸಾಗಿ ಓಡಿಸುವ ಬಾಕ್ಸ್ ಸಣ್ಣ ಕಾರ್ ಆಟಕ್ಕೆ ಸುಸ್ತಾಗುವುದು ಇದೇ ಕಾರಣಕ್ಕೆ.

ಪ್ಲೇ ಸ್ಟೋರಿನಿಂದ AIDA64 ಎಂಬ ಉಚಿತ ಆ್ಯಪ್ ಹಾಕಿ. ಅದು ಟಿವಿ ರಿಮೋಟಿನಲ್ಲೇ ನಡೆಯುತ್ತದೆ. ಅದರಲ್ಲಿ ಮೂರು ವಿಷಯ ನೋಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮೊದಲನೆಯದು ಗ್ರಾಫಿಕ್ಸ್ ಚಿಪ್ಪಿನ ಹೆಸರು ಮತ್ತು ಅದರ OpenGL ES ಆವೃತ್ತಿ. ಚಿತ್ರ ಬರೆಯಲು ಆಟ ಆ ಚಿಪ್ಪಿನ ಜೊತೆ ಮಾತಾಡುವ ಭಾಷೆಯೇ OpenGL ES. ಅಗ್ಗದ ಬಾಕ್ಸುಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು: Mali-450 ಮತ್ತು Mali-G31. ಹೆಸರು ಕೇಳಿದರೆ ಅಣ್ಣತಮ್ಮಂದಿರ ಹಾಗಿದೆ, ಆದರೆ ಆಟದ ಮಟ್ಟಿಗೆ ಭಾರೀ ವ್ಯತ್ಯಾಸ. Mali-450ಗೆ OpenGL ES 2.0 ಮಾತ್ರ ಗೊತ್ತು. G31ಗೆ 3.2ರವರೆಗೆ ಗೊತ್ತು. ಈಗಿನ ತುಂಬಾ ಆಟಗಳು ಕಡಿಮೆಯೆಂದರೆ 3.0 ಕೇಳುತ್ತವೆ. ಹಾಗಾಗಿ 450 ಇರುವ ಬಾಕ್ಸಿನಲ್ಲಿ ಅವು ಸ್ಟೋರಿನಲ್ಲಿ ಕಾಣುವುದೇ ಇಲ್ಲ. ಹೊರಗಿನಿಂದ ತಂದು ಹಾಕಿದರೆ ಕಪ್ಪು ಪರದೆ ತೋರಿಸಿ ಮುಚ್ಚಿಕೊಳ್ಳುತ್ತವೆ. ಇದನ್ನು ಯಾವ ಅಪ್‌ಡೇಟಿನಿಂದಲೂ ಸರಿ ಮಾಡಲು ಆಗುವುದಿಲ್ಲ, ಚಿಪ್ಪಿನ ಮಿತಿಯೇ ಅಷ್ಟು.

ಎರಡನೆಯದು, ಆಂಡ್ರಾಯ್ಡ್ 32 ಬಿಟ್ಟೋ 64 ಬಿಟ್ಟೋ ಎನ್ನುವುದು. ಇಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ಪ್ರೊಸೆಸರ್ 64 ಬಿಟ್ಟಿನದ್ದೇ ಆಗಿದ್ದರೂ ರ‍್ಯಾಮ್ ಉಳಿಸಲಿಕ್ಕೆಂದು ತಯಾರಕರು ಅದರ ಮೇಲೆ 32 ಬಿಟ್ಟಿನ ಆಂಡ್ರಾಯ್ಡ್ ಹಾಕಿರುತ್ತಾರೆ. AIDA64ರಲ್ಲಿ `armeabi-v7a` ಮಾತ್ರ ಕಂಡರೆ 32 ಬಿಟ್. `arm64-v8a` ಕೂಡ ಇದ್ದರೆ 64 ಬಿಟ್. 64 ಬಿಟ್ಟಿಗೆಂದೇ ಮಾಡಿದ ಆಟ 32 ಬಿಟ್ಟಿನ ಬಾಕ್ಸಿನಲ್ಲಿ ಇನ್‌ಸ್ಟಾಲೇ ಆಗುವುದಿಲ್ಲ.

ಮೂರನೆಯದು ಖಾಲಿ ಜಾಗ. ಡಬ್ಬಿಯಲ್ಲಿ 8 ಜಿಬಿ ಎಂದಿದ್ದರೂ ಆಂಡ್ರಾಯ್ಡ್ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿಯುವುದು ಸುಮಾರು ಅರ್ಧ. ಸ್ಟೋರಿನಲ್ಲಿ ತೋರಿಸುವ ಗಾತ್ರವೂ ಪೂರ್ತಿ ಅಲ್ಲ. ಕೆಲವು ಆಟಗಳು ಮೊದಲ ಸಲ ತೆರೆದಾಗ ಅದರ ಹಲವು ಪಟ್ಟು ಇಳಿಸಿಕೊಳ್ಳುತ್ತವೆ. ಒಂದು ಜಿಬಿಯಾದರೂ ಯಾವಾಗಲೂ ಖಾಲಿ ಇರಲಿ. ಇಲ್ಲದಿದ್ದರೆ ಬಾಕ್ಸ್ ಒಟ್ಟಾರೆ ನಿಧಾನವಾಗುತ್ತದೆ.

ಕಂಪ್ಯೂಟರ್ ಬಳಸಿ ಅಭ್ಯಾಸ ಇರುವವರು ಬಾಕ್ಸಿನ ಡೆವಲಪರ್ ಆಯ್ಕೆಗಳಲ್ಲಿ ಡಿಬಗ್ಗಿಂಗ್ ಆನ್ ಮಾಡಿ, ಆಂಡ್ರಾಯ್ಡ್ ಸಾಧನಕ್ಕೆ ಕಂಪ್ಯೂಟರಿನಿಂದ ಆದೇಶ ಕಳಿಸುವ adb ಎಂಬ ಸಾಫ್ಟ್‌ವೇರಿನಿಂದ ಹೀಗೂ ಕೇಳಬಹುದು. ಐಪಿ ವಿಳಾಸ ನಿಮ್ಮ ಬಾಕ್ಸಿನದ್ದು ಹಾಕಿ.

```
adb connect 192.168.1.20
adb shell getprop ro.opengles.version
adb shell getprop ro.product.cpu.abi
```

ಎರಡನೇ ಸಾಲಿಗೆ 131072 ಎಂದು ಉತ್ತರ ಬಂದರೆ 2.0. 196608 ಬಂದರೆ 3.0. 196610 ಬಂದರೆ 3.2.

ಅಕ್ಕನ ಮನೆಯ ಬಾಕ್ಸಿನ ಚೀಟಿ ಹೀಗಿತ್ತು: Mali-G31, 3.2, 32 ಬಿಟ್, 2 ಜಿಬಿ ರ‍್ಯಾಮ್, ಖಾಲಿ ಜಾಗ 3 ಜಿಬಿಗಿಂತ ಸ್ವಲ್ಪ ಕಡಿಮೆ. ಕೆಟ್ಟ ಬಾಕ್ಸ್ ಅಲ್ಲ. ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದ ಆಟದ ಗುಟ್ಟೂ ಗೊತ್ತಾಯಿತು. ಅದನ್ನು ಅವನು ಗೆಳೆಯನ ಪೆನ್‌ಡ್ರೈವಿನಿಂದ ಹಾಕಿದ್ದ. ಈಗಿನ ಎಷ್ಟೋ ಆಟಗಳು ಒಂದೇ ಫೈಲಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತವೆ. ಯಾವ ಸಾಧನಕ್ಕೆ ಯಾವ ತುಂಡು ಬೇಕೆಂದು ಪ್ಲೇ ಸ್ಟೋರ್ ನೋಡಿ ಕೊಡುತ್ತದೆ. ಗೆಳೆಯ ಕೊಟ್ಟದ್ದು ಮುಖ್ಯ ತುಂಡು ಮಾತ್ರ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ About ಒಳಗೆ ಬಾಕ್ಸ್ ಗೂಗಲಿನಿಂದ ಸರ್ಟಿಫೈಡ್ ಹೌದೋ ಅಲ್ಲವೋ ಎಂದು ಬರೆದಿರುತ್ತದೆ. ಹೆಸರಿಲ್ಲದ ಕೆಲವು ಬಾಕ್ಸುಗಳಲ್ಲಿ ಕಾರ್ಖಾನೆಯಿಂದಲೇ ಕಳ್ಳ ಸಾಫ್ಟ್‌ವೇರ್ ಸೇರಿ ಬಂದದ್ದನ್ನು ಭದ್ರತಾ ಸಂಶೋಧಕರು 2023ರಲ್ಲಿ ತೋರಿಸಿದ್ದಾರೆ. ಸರ್ಟಿಫೈಡ್ ಅಲ್ಲದ ಬಾಕ್ಸಿನಲ್ಲಿ ಬ್ಯಾಂಕಿಗೆ ಕೊಟ್ಟಿರುವ ಇಮೇಲ್ ಖಾತೆ ಹಾಕಲೇಬೇಡಿ. ಆಟಕ್ಕೆಂದೇ ಒಂದು ಬೇರೆ ಖಾತೆ ಮಾಡಿಕೊಳ್ಳಿ.

ಹಂತ 2: ಕಂಟ್ರೋಲರ್ ಯಾವ ಭಾಷೆ ಮಾತಾಡುತ್ತಿದೆ?

ಆಟದ್ದು ತಪ್ಪು ಎಂದುಕೊಂಡ ಅರ್ಧ ಸಮಸ್ಯೆ ಇಲ್ಲೇ ಇರುತ್ತದೆ.

ಒಂದೇ ಕಂಟ್ರೋಲರ್ ಒಂದಕ್ಕಿಂತ ಹೆಚ್ಚು ಮೋಡಿನಲ್ಲಿ ಕೆಲಸ ಮಾಡುತ್ತದೆ. ಒಂದು ಮೋಡಿನಲ್ಲಿ ಅದು ತನ್ನನ್ನು ಗೇಮ್‌ಪ್ಯಾಡ್ ಎಂದು ಪರಿಚಯಿಸಿಕೊಳ್ಳುತ್ತದೆ. ಇನ್ನೊಂದರಲ್ಲಿ ಕೀಬೋರ್ಡ್ ಅಥವಾ ಮೌಸ್ ಎಂದು. ಫೋನಿಗೆಂದು ಮಾರುವ ಕೆಲವು ಕಂಟ್ರೋಲರುಗಳಲ್ಲಿ, ಬಟನ್ ಒತ್ತಿದರೆ ಪರದೆಯ ಒಂದು ಜಾಗವನ್ನು ಬೆರಳಿನಿಂದ ಮುಟ್ಟಿದ ಹಾಗೆ ಸೂಚನೆ ಕಳಿಸುವ ಮೋಡ್ ಕೂಡ ಇರುತ್ತದೆ. ಟಿವಿಯ ಆಟಗಳು ಕೇಳಿಸಿಕೊಳ್ಳುವುದು ಹೆಚ್ಚಾಗಿ ಗೇಮ್‌ಪ್ಯಾಡಿನ ಮಾತನ್ನೇ.

ಗುರುತು ಹಿಡಿಯುವುದು ಸುಲಭ. ಬಾಕ್ಸಿನ ಹೋಮ್ ಪರದೆಗೆ ಬನ್ನಿ. ಎಡಗಡೆಯ ಪ್ಲಸ್ ಆಕಾರದ ಬಟನ್ ಒತ್ತಿದರೆ ಆಯ್ಕೆ ಪಕ್ಕಕ್ಕೆ ಸರಿಯಬೇಕು. A ಒತ್ತಿದರೆ ತೆರೆಯಬೇಕು. B ಒತ್ತಿದರೆ ಹಿಂದೆ ಬರಬೇಕು. ಪರದೆಯ ಮೇಲೆ ಬಾಣದ ಗುರುತು ಕಾಣಿಸಿಕೊಂಡರೆ ಮೌಸ್ ಮೋಡಿನಲ್ಲಿದೆ ಎಂದರ್ಥ. ಹೋಮ್ ಪರದೆಯಲ್ಲಿ ಎಲ್ಲ ಸರಿಯಿದ್ದು ಆಟದೊಳಗೆ ಏನೂ ನಡೆಯದಿದ್ದರೆ ಎರಡು ಸಾಧ್ಯತೆ: ಕಂಟ್ರೋಲರ್ ಕೀಬೋರ್ಡ್ ಮೋಡಿನಲ್ಲಿದೆ, ಇಲ್ಲವೇ ಆಟಕ್ಕೆ ಕಂಟ್ರೋಲರ್ ಗೊತ್ತೇ ಇಲ್ಲ.

ಮೋಡ್ ಬದಲಿಸುವ ಕ್ರಮ ತಯಾರಕರಿಂದ ತಯಾರಕರಿಗೆ ಬೇರೆ. ಡಾಂಗಲ್ ಇರುವ ಹೆಚ್ಚಿನವುಗಳಲ್ಲಿ ನಡುವಿನ ಹೋಮ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ದೀಪದ ಸಾಲು ಬದಲಾಗುತ್ತದೆ. ಡಬ್ಬಿಯಲ್ಲಿ ಬಂದ ಸಣ್ಣ ಕಾಗದವನ್ನು ಎಸೆಯಬೇಡಿ, ಅದರಲ್ಲಿ ಬರೆದಿರುತ್ತದೆ. ನಮ್ಮದರಲ್ಲಿ ಹೀಗೆ ಬದಲಿಸಿದ ಕೂಡಲೇ, ಅಲ್ಲಾಡದ ಆಟಗಳಲ್ಲಿ ಒಂದು ಅಲ್ಲಾಡಿತು. ಹುಡುಗನ ಮುಖ ನೋಡಬೇಕಿತ್ತು!

ಕಾರ್ ಆಟ ಇಷ್ಟಪಡುವವರು ಇನ್ನೊಂದು ಪರೀಕ್ಷೆ ಮಾಡಿ. L2, R2 ಎಂಬ ಹಿಂದಿನ ಟ್ರಿಗರುಗಳನ್ನು ಕೆಲವು ಕಂಟ್ರೋಲರುಗಳು ಬರೀ ಬಟನ್ ಎಂದು ತಿಳಿಸುತ್ತವೆ. ಕೆಲವು, ಎಷ್ಟು ಒತ್ತಿದ್ದೀರಿ ಎಂಬ ಅಳತೆಯನ್ನು ತಿಳಿಸುತ್ತವೆ. ಆಟ ಅಳತೆಯನ್ನೇ ಕಾಯುತ್ತಿದ್ದರೆ, ಬಟನ್ ಎನ್ನುವ ಕಂಟ್ರೋಲರಿನಲ್ಲಿ ಗಾಡಿ ತಿರುಗುತ್ತದೆ, ಮೆನು ನಡೆಯುತ್ತದೆ, ವೇಗ ಮಾತ್ರ ಸಿಗುವುದಿಲ್ಲ. ಆಗ ಮೋಡ್ ಬದಲಿಸಿ ನೋಡಿ. ಅಥವಾ ಆಟದ ಸೆಟ್ಟಿಂಗ್ಸ್‌ನಲ್ಲಿ ವೇಗವನ್ನು A ಬಟನ್ನಿಗೆ ಕೊಡಿ.

ಬ್ಲೂಟೂತ್ ಕಂಟ್ರೋಲರ್ ನಡುನಡುವೆ ತಡವರಿಸಿದರೆ ವೈಫೈ ಕಡೆ ನೋಡಿ. 2.4 ಗಿಗಾಹರ್ಟ್ಸ್ ವೈಫೈ ಮತ್ತು ಬ್ಲೂಟೂತ್ ಎರಡೂ ಒಂದೇ ಅಲೆಯ ಪಟ್ಟಿಯಲ್ಲಿ ಓಡುತ್ತವೆ. ಅಗ್ಗದ ಬಾಕ್ಸಿನಲ್ಲಿ ಎರಡಕ್ಕೂ ಒಂದೇ ಆಂಟೆನಾ ಇರುವುದೂ ಉಂಟು. ಬಾಕ್ಸನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿ, ಇಲ್ಲವೇ ಲ್ಯಾನ್ ಕೇಬಲ್ ಹಾಕಿ. ಡಾಂಗಲ್ ಆದರೆ ಅದು ಟಿವಿಯ ಹಿಂದೆ ಅಡಗಿ ಕೂತಿರಬಾರದು. ಒಂದು ಗಿಡ್ಡ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ಹಾಕಿ ಮುಂದಕ್ಕೆ ತಂದರೆ ಸಾಕು.

ಹಂತ 3: ಆಟದ ಪುಟವನ್ನು ಓದುವುದು

ಈಗ ಸ್ಟೋರಿಗೆ ಹೋಗಬಹುದು. ಬಾಕ್ಸಿನ ಸ್ಟೋರಿನಲ್ಲಿ ರಿಮೋಟ್ ಹಿಡಿದು ಒಂದೊಂದೇ ಅಕ್ಷರ ಒತ್ತುವುದು ದೊಡ್ಡ ರಗಳೆ. ಅದರ ಬದಲು ಬಾಕ್ಸಿನಲ್ಲಿ ಹಾಕಿರುವ ಅದೇ ಖಾತೆಯಿಂದ ಕಂಪ್ಯೂಟರಿನಲ್ಲಿ play.google.com ತೆರೆಯಿರಿ. ಆಟದ ಪುಟಕ್ಕೆ ಹೋಗಿ Install ಒತ್ತಿದರೆ ನಿಮ್ಮ ಸಾಧನಗಳ ಪಟ್ಟಿ ಬರುತ್ತದೆ. ಬಾಕ್ಸಿಗೆ ಹೊಂದದ ಆಟವಾದರೆ ಅಲ್ಲೇ ಹೊಂದುವುದಿಲ್ಲ ಎಂದು ತೋರಿಸುತ್ತದೆ. ಒಂದು ಎಂಬಿ ಕೂಡ ಖರ್ಚಾಗದೆ ಉತ್ತರ ಸಿಕ್ಕಿತು.

ಟಿವಿಗೆಂದು ಮಾಡಿದ ಆಟ ಮತ್ತು ಫೋನಿನ ಆಟಕ್ಕೆ ಇರುವ ಒಂದು ಮುಖ್ಯ ವ್ಯತ್ಯಾಸ ಇದು: ಟಿವಿಯ ಆಟ ಮಾಡುವವರು “ಇದಕ್ಕೆ ಟಚ್ ಪರದೆ ಬೇಕಾಗಿಲ್ಲ” ಎಂದು ಆಟದೊಳಗೆ ಬರೆದು ಕೊಡಬೇಕು. ಹಾಗೆ ಬರೆಯದ ಆಟ ಆಂಡ್ರಾಯ್ಡ್ ಟಿವಿಯ ಸ್ಟೋರಿನಲ್ಲಿ ಕಾಣುವುದಿಲ್ಲ. ಹಾಗಾಗಿ ಸ್ಟೋರಿನಲ್ಲಿ ಕಾಣದ ಆಟವನ್ನು ಪೆನ್‌ಡ್ರೈವಿನಿಂದ ತುರುಕುವ ಮೊದಲು ಯೋಚಿಸಿ. ಅದು ಕಾಣದಿರುವುದಕ್ಕೆ ಕಾರಣ ಇರುತ್ತದೆ.

ಆದರೆ ಎಷ್ಟೋ ಅಗ್ಗದ ಬಾಕ್ಸುಗಳಲ್ಲಿ ಇರುವುದು ಆಂಡ್ರಾಯ್ಡ್ ಟಿವಿಯೇ ಅಲ್ಲ. ಫೋನಿನ ಆಂಡ್ರಾಯ್ಡನ್ನೇ ಟಿವಿಯಂತೆ ಅಲಂಕರಿಸಿರುತ್ತಾರೆ. ಅಲ್ಲಿ ಫೋನಿನ ಸ್ಟೋರ್ ಬರುತ್ತದೆ, ಎಲ್ಲ ಆಟವೂ ಕಾಣುತ್ತದೆ, ಆದರೆ ಆಡಲು ಬೆರಳು ಬೇಕು. ಅಂಥ ಬಾಕ್ಸ್ ಇದ್ದವರು ಆಟದ ವಿವರಣೆಯಲ್ಲಿ controller ಅಥವಾ gamepad ಎಂಬ ಪದ ಇದೆಯೇ ಎಂದು ಹುಡುಕಿ. ಇದ್ದರೂ ಸಾಲದು. ಬಳಕೆದಾರರ ವಿಮರ್ಶೆಗಳಲ್ಲಿ ಮೆನು ಕೂಡ ಕಂಟ್ರೋಲರಿನಲ್ಲಿ ನಡೆಯುತ್ತದೆಯೇ ಎಂದು ನೋಡಿ. ಆಟದೊಳಗೆ ಕಂಟ್ರೋಲರ್ ನಡೆದು, ಮಟ್ಟ ಮುಗಿದ ಮೇಲೆ “ಮುಂದೆ” ಎನ್ನುವುದಕ್ಕೆ ಮಾತ್ರ ಟಚ್ ಬೇಕಾಗುವ ಆಟಗಳಿವೆ. ಪ್ರತಿ ಸಲ ಎದ್ದು ಹೋಗಿ ಮೌಸ್ ಹಿಡಿಯುವುದು ಯಾರಿಗೆ ಬೇಕು?

ಹುಡುಗನ ದೊಡ್ಡ ಆಸೆ ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ. ಶಾಲೆಯಲ್ಲಿ ಎಲ್ಲರೂ ಅದರ ಮಾತೇ ಆಡುತ್ತಾರಂತೆ. ಅವನಿಗೆ ನೇರವಾಗಿ ಹೇಳಿದೆ, ಅದು ಟಚ್‌ಗೆಂದೇ ಮಾಡಿದ ಆಟ, ಟಿವಿ ಬಾಕ್ಸಿಗೆ ಅಲ್ಲ. ಬಟನ್ನನ್ನು ಟಚ್ ಆಗಿ ಬದಲಿಸುವ ಆ್ಯಪ್‌ಗಳು ಇವೆ ನಿಜ. ಆದರೆ ಅಂಥ ಆಟಗಳಲ್ಲಿ ಅವನ್ನು ಬಳಸಿದರೆ ಖಾತೆಯನ್ನೇ ಮುಚ್ಚುವ ಅಪಾಯ ಇದೆ. 2 ಜಿಬಿ ರ‍್ಯಾಮಿನಲ್ಲಿ ಅದು ಸುಖವಾಗಿ ಓಡುವುದೂ ಇಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ತಾನೇ ಅದನ್ನು ತೆಗೆದ. ಅದೊಂದನ್ನು ತೆಗೆದದ್ದರಿಂದಲೇ ಬೇಕಾದಷ್ಟು ಜಾಗ ಸಿಕ್ಕಿತು.

ಹಂತ 4: ಇಪ್ಪತ್ತು ನಿಮಿಷ ಆಡಿ ನೋಡುವುದು

ಆಟ ತೆರೆದು ಎರಡು ನಿಮಿಷ ಆಡಿ ಚೆನ್ನಾಗಿದೆ ಎಂದರೆ ಪರೀಕ್ಷೆ ಮುಗಿಯಲಿಲ್ಲ. ಸಣ್ಣ ಬಾಕ್ಸಿನೊಳಗೆ ಫ್ಯಾನ್ ಇಲ್ಲ. ಚಿಪ್ ಬಿಸಿಯಾದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹತ್ತು ನಿಮಿಷದ ಮೇಲೆ ತೆವಳುವ ಆಟದ ಕಥೆ ಇದು. ಕಾಸರಗೋಡಿನ ಏಪ್ರಿಲ್ ಸೆಕೆಯಲ್ಲಂತೂ ಇನ್ನೂ ಬೇಗ.

ನಾವು SuperTuxKart ಹಾಕಿ ನೋಡಿದೆವು. ಇದು ಉಚಿತ, ಮುಕ್ತ ಆಕರದ ಕಾರ್ ಆಟ. ಜಾಹೀರಾತು ಇಲ್ಲ. ಒಂದೇ ಟಿವಿಯಲ್ಲಿ ಪರದೆ ಭಾಗ ಮಾಡಿಕೊಂಡು ಇಬ್ಬರು ಮೂವರು ಆಡಬಹುದು. ಇದರ ಸೆಟ್ಟಿಂಗ್ಸ್‌ನಲ್ಲಿ Display FPS ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂದು ಮೂಲೆಯಲ್ಲಿ ತೋರಿಸುತ್ತದೆ. ಬೇರೆ ಯಾವ ಆಟ ಆಡುವುದಿದ್ದರೂ, ಬಾಕ್ಸಿನ ಶಕ್ತಿ ಅಳೆಯಲು ಮೊದಲು ಇದನ್ನು ಹಾಕಿ ಎನ್ನುತ್ತೇನೆ.

ಮೊದಲು ಇದ್ದ ಹಾಗೆಯೇ ಓಡಿಸಿದೆವು. 25ರ ಆಸುಪಾಸು ಬಂತು. ಗ್ರಾಫಿಕ್ಸ್ ಮಟ್ಟವನ್ನು ಪೂರ್ತಿ ಕೆಳಗೆ ತಂದಾಗ 40ರ ಹತ್ತಿರ ಹೋಯಿತು. ಹನ್ನೆರಡನೇ ನಿಮಿಷಕ್ಕೆ 22ಕ್ಕೆ ಇಳಿಯಿತು. ಬಾಕ್ಸ್ ಮುಟ್ಟಿ ನೋಡಿದೆ. ಕೈ ಇಡಲಾಗದಷ್ಟು ಬಿಸಿ. ಅದು ಡಿಶ್‌ನ ಸೆಟ್‌ಟಾಪ್ ಬಾಕ್ಸ್ ಮೇಲೆ ಕೂತಿತ್ತು, ಮೇಲೆ ಒಂದು ಕಸೂತಿ ಬಟ್ಟೆ ಬೇರೆ. ಬಟ್ಟೆ ತೆಗೆದೆವು. ಬಾಕ್ಸನ್ನು ಬೇರೆ ಜಾಗಕ್ಕೆ ತಂದು ನಾಲ್ಕು ಬಾಟಲಿ ಮುಚ್ಚಳಗಳ ಮೇಲೆ ಎತ್ತರಿಸಿ ಇಟ್ಟೆವು, ಅಡಿಯಿಂದ ಗಾಳಿ ಆಡಲೆಂದು. ತಣಿದ ಮೇಲೆ ಮತ್ತೆ ಆಡಿದರೆ ಇಪ್ಪತ್ತು ನಿಮಿಷ ಕಳೆದರೂ 35ರ ಕೆಳಗೆ ಇಳಿಯಲಿಲ್ಲ. ಎಲ್ಲಿಯೂ ಒಂದು ರೂಪಾಯಿ ಖರ್ಚಿಲ್ಲ.

ಇಷ್ಟರಲ್ಲೂ ಸಾಲದಿದ್ದರೆ ಟಿವಿಗೆ ಹೋಗುವ ಚಿತ್ರದ ಗಾತ್ರ ಇಳಿಸಿ. 1080ಪಿ ಚಿತ್ರದಲ್ಲಿ 720ಪಿಗಿಂತ ಎರಡೂಕಾಲು ಪಟ್ಟು ಚುಕ್ಕಿಗಳಿರುತ್ತವೆ. ಅಷ್ಟನ್ನೂ ಆ ಪುಟ್ಟ ಚಿಪ್ ಬರೆಯಬೇಕು. ಬಾಕ್ಸಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 720ಪಿ ಆರಿಸಿ ನೋಡಿ. ಅದರಿಂದ ವ್ಯತ್ಯಾಸ ಕಾಣದಿದ್ದರೆ:

```
adb shell wm size 1280x720
adb shell wm density 213
```

ಮೊದಲಿನಂತೆ ಮಾಡಲು:

```
adb shell wm size reset
adb shell wm density reset
```

ಸೋಫಾದಲ್ಲಿ ಕೂತು ನೋಡುವಾಗ ಕಾರ್ ಆಟದಲ್ಲಿ ಆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಸಣ್ಣ ಅಕ್ಷರಗಳಲ್ಲಿ ಮಾತ್ರ ಕಾಣುತ್ತದೆ.

ಇನ್ನೊಂದು ಕಡೆಯಿಂದಲೂ ತಡ ಬರಬಹುದು, ಅದು ಟಿವಿ. ಚಿತ್ರ ಅಂದವಾಗಿಸಲು ಟಿವಿ ಪ್ರತಿ ಚಿತ್ರವನ್ನೂ ಸ್ವಲ್ಪ ಹಿಡಿದಿಟ್ಟು ತಿದ್ದುತ್ತದೆ. ಬಟನ್ ಒತ್ತಿದ ಮೇಲೆ ಗೊಂಬೆ ಹಾರುವುದು ತಡವಾಗುತ್ತದೆ, ಆದರೆ ಓಟ ಮಾತ್ರ ನಯವಾಗಿಯೇ ಇರುತ್ತದೆ. ಹೀಗಿದ್ದರೆ ಟಿವಿಯ ಪಿಕ್ಚರ್ ಮೆನುವಿನಲ್ಲಿ ಗೇಮ್ ಮೋಡ್ ಆರಿಸಿ. ಓಟವೇ ಕುಂಟುತ್ತಿದ್ದರೆ ತಪ್ಪು ಬಾಕ್ಸಿನದು. ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ಕಲಿತರೆ ಬೇಕಿಲ್ಲದ ಖರ್ಚು ತಪ್ಪುತ್ತದೆ.

ಹಂತ 5: ನೆಟ್ ಇಲ್ಲದೆ ತೆರೆಯುತ್ತದೆಯೇ?

ನಮ್ಮ ಕಡೆ ಈ ಹಂತ ಬಿಡುವ ಹಾಗಿಲ್ಲ. ಗಾಳಿಮಳೆಗೆ ಒಂದು ಅಡಿಕೆ ಮರ ತಂತಿ ಮೇಲೆ ಬಿದ್ದರೆ ಕರೆಂಟು, ನೆಟ್ ಎರಡೂ ಹೋಯಿತು. ಇನ್ವರ್ಟರಿನಲ್ಲಿ ಟಿವಿ ಓಡಬಹುದು, ನೆಟ್ ಬರುವುದು ಮರುದಿನ. ಮಕ್ಕಳು ಮನೆಯಲ್ಲಿ ಇರುವುದೂ ಅಂಥ ದಿನಗಳಲ್ಲೇ ಅಲ್ವಾ?

ಆಟ ಹಾಕಿದ ಮೇಲೆ ನೆಟ್ ಇರುವಾಗ ಒಮ್ಮೆ ತೆರೆದು ಒಂದು ಮಟ್ಟ ಆಡಿ. ಬೇಕಾದ ಭಾಗಗಳು ಇಳಿದುಬಿಡಲಿ. ಆಮೇಲೆ ಬಾಕ್ಸಿನ ವೈಫೈ ಆಫ್ ಮಾಡಿ, ಬಾಕ್ಸನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಮತ್ತೆ ಆಟ ತೆರೆಯಿರಿ. ಲಾಗಿನ್ ಕೇಳಿ ನಿಂತುಕೊಂಡರೆ ಆ ಆಟ ಮಳೆಗಾಲಕ್ಕಲ್ಲ. ಉಳಿದಿದ್ದ ಆಟಗಳಲ್ಲಿ ಇನ್ನೊಂದು ಹೀಗೆ ಹೊರಗೆ ಹೋಯಿತು.

ಕೊನೆಗೆ ಉಳಿದ ಮೂರು

SuperTuxKart ಉಳಿಯಿತು. ಜೊತೆಗೆ BombSquad ಹಾಕಿದೆವು. ಸಣ್ಣ ಸಣ್ಣ ಗೊಂಬೆಗಳು ಬಾಂಬ್ ಎಸೆದಾಡುವ ಆಟ, ಎಂಟು ಜನರವರೆಗೆ ಒಂದೇ ಟಿವಿಯಲ್ಲಿ ಆಡಬಹುದು. ಕಂಟ್ರೋಲರ್ ಇರುವುದು ಒಂದೇ ಆದರೂ ತೊಂದರೆಯಿಲ್ಲ. ಉಳಿದವರು ಫೋನಿನಲ್ಲಿ BombSquad Remote ಎಂಬ ಆ್ಯಪ್ ಹಾಕಿಕೊಂಡರೆ ಫೋನೇ ಕಂಟ್ರೋಲರ್ ಆಗುತ್ತದೆ. ಫೋನೂ ಬಾಕ್ಸೂ ಒಂದೇ ವೈಫೈಯಲ್ಲಿದ್ದರೆ ಸಾಕು. ರೂಟರ್ ಇನ್ವರ್ಟರಿನಲ್ಲಿ ಹೊತ್ತಿಕೊಂಡಿದ್ದರೆ ಹೊರಗಿನ ನೆಟ್ ಬೇಕಾಗಿಲ್ಲ. ಅತ್ತೆಯ ಮಕ್ಕಳೆಲ್ಲ ಬಂದಾಗ ಇದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ.

ಮೂರನೆಯದು RetroArch. ಇದು ಹಳೆಯ ಆಟದ ಯಂತ್ರಗಳನ್ನು ಅನುಕರಿಸುವ ಸಾಫ್ಟ್‌ವೇರ್. Mali-450 ಇರುವ ಬಾಕ್ಸಿನವರಿಗೆ ನಾನು ಮೊದಲು ಹೇಳುವುದೇ ಇದನ್ನು, ಏಕೆಂದರೆ ಹಳೆಯ ಕ್ಯಾಸೆಟ್ ಆಟಗಳಿಗೆ ಆ ಚಿಪ್ ಧಾರಾಳ ಸಾಕು, ಬಾಕ್ಸ್ ಹೆಚ್ಚು ಬಿಸಿಯೂ ಆಗುವುದಿಲ್ಲ. ಅದರ ಜಾಲತಾಣದಿಂದ ಇಳಿಸಿಕೊಳ್ಳುವುದಾದರೆ ಮೊದಲ ಹಂತದ ಚೀಟಿ ನೋಡಿ. 32 ಬಿಟ್ಟಿಗೂ 64 ಬಿಟ್ಟಿಗೂ ಬೇರೆ ಬೇರೆ ಫೈಲ್ ಇದೆ. ಹಾಕಿದ ಮೇಲೆ Online Updater ಒಳಗೆ Core Downloaderಗೆ ಹೋಗಿ, ಹಳೆಯ ಕ್ಯಾಸೆಟ್ ಆಟದ ಯಂತ್ರವನ್ನು ಅನುಕರಿಸುವ FCEUmm ಎಂಬ ಭಾಗ ಇಳಿಸಿ, Load Contentನಿಂದ ಆಟದ ಫೈಲ್ ತೆರೆಯಿರಿ.

ಫೈಲ್ ಎಲ್ಲಿಂದ ತರುವುದು ಎಂಬುದರಲ್ಲಿ ಮಾತ್ರ ಎಚ್ಚರ. “ಹತ್ತು ಸಾವಿರ ಆಟ” ಎಂದು ಮಾರುವ ಪೆನ್‌ಡ್ರೈವುಗಳಲ್ಲಿ ಇರುವುದು ಹೆಚ್ಚಾಗಿ ಅನುಮತಿಯಿಲ್ಲದೆ ನಕಲು ಮಾಡಿದ್ದು. ಹಳೆಯ ಯಂತ್ರಗಳಿಗೆ ಇವತ್ತಿಗೂ ಹೊಸ ಆಟ ಬರೆದು ಉಚಿತವಾಗಿ ಹಂಚುವವರಿದ್ದಾರೆ. Nova the Squirrel ಅಂಥದ್ದು. ಹಸಿರು ಅಳಿಲೊಂದು ಹಾರುತ್ತಾ ಓಡುವ ಆಟ. ಒಂದು ಎಂಬಿಯೂ ಇಲ್ಲ. ಕಥೆ ಇಂಗ್ಲಿಷಿನಲ್ಲಿದೆ, ಆದರೆ ಆಡಲು ಅದು ಬೇಕಾಗುವುದಿಲ್ಲ.

ಸಂಜೆ ಹೊರಡುವಾಗ ಚೀಟಿಯನ್ನು ಟಿವಿಯ ಹಿಂದೆ ಅಂಟಿಸಿ ಬಂದೆ. ಮೊನ್ನೆ ಹುಡುಗ ಫೋನ್ ಮಾಡಿದ್ದ. ಗೆಳೆಯ ಒಂದು ಹೊಸ ಆಟ ಕೊಟ್ಟಿದ್ದನಂತೆ. “64 ಬಿಟ್ ಮಾತ್ರ ಅಂತ ಬರೆದಿತ್ತು ಮಾವ, ಹಾಕಲಿಲ್ಲ” ಎಂದ.